ಬ್ಯಾಂಕ್ ಸಾಲದ ಕಂತು: ಅಸಲೆಷ್ಟು, ಬಡ್ಡಿಯೆಷ್ಟು, ಲೆಕ್ಕದಲ್ಲಿ ಬರೆಯುವುದು ಹೇಗೆ

ಹಾಸನದಲ್ಲಿ ಬೇಕರಿ ನಡೆಸುವವರೊಬ್ಬರು ಕಳೆದ ವರ್ಷ ಓಡಿ (ಓವರ್‌ಡ್ರಾಫ್ಟ್) ಕೇಳಲು ಬ್ಯಾಂಕಿಗೆ ಹೋಗಿದ್ದರು. ಮ್ಯಾನೇಜರು ಬ್ಯಾಲೆನ್ಸ್ ಶೀಟ್ ತಿರುವಿ ನೋಡಿ, "ನಮ್ಮ ಐದು ಲಕ್ಷದ ಸಾಲ ಇದರಲ್ಲಿ ಎಲ್ಲಿದೆ?" ಎಂದರಂತೆ. ಎಲ್ಲೂ ಇರಲಿಲ್ಲ. ಅಂಗಡಿಯಲ್ಲಿ ಓವನ್ ಉರಿಯುತ್ತಿದೆ, ತಿಂಗಳು ತಿಂಗಳು ಕಂತು ಹೋಗುತ್ತಿದೆ, ಲೆಕ್ಕದಲ್ಲಿ ಮಾತ್ರ ಸಾಲವೇ ಇಲ್ಲ. ಅವರು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು ಕೇಳಿದ್ದು ಇಷ್ಟೇ: "ಸಾರ್, ಕಂತು ಕಟ್ಟಿದ್ದೆಲ್ಲ ಖರ್ಚೇ ಅಲ್ವಾ? ದುಡ್ಡು ಕೈಬಿಟ್ಟು ಹೋಗಿದ್ದು ನಿಜ ತಾನೆ?"

ದುಡ್ಡು ಹೋಗಿದ್ದು ನಿಜ, ಆದರೆ ಹೋದದ್ದೆಲ್ಲ ಖರ್ಚಲ್ಲ. ಸಾಲ ತಂದ ದಿನ ಆ ಐದು ಲಕ್ಷವನ್ನು ನಾವು ಆದಾಯ ಎಂದು ಬರೆಯಲಿಲ್ಲವಲ್ಲ, ಹಾಗಾಗಿ ಅದನ್ನು ಹಿಂದಿರುಗಿಸುವುದೂ ಖರ್ಚಾಗದು. ಬೇರೆಯವರ ದುಡ್ಡನ್ನು ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಕೊಡುವ ಬಾಡಿಗೆ ಮಾತ್ರ ಖರ್ಚು, ಅದೇ ಬಡ್ಡಿ. ಕಂತಿನೊಳಗೆ ಎರಡೂ ಕಲೆತು ಬರುತ್ತವೆ. ಬಿಡಿಸಿ ಬರೆಯುವುದೇ ನಮ್ಮ ಕೆಲಸ. ಅವರ ಸಾಲವನ್ನೇ ಮುಂದಿಟ್ಟುಕೊಂಡು ಮೊದಲ ದಿನದಿಂದ ಮಾರ್ಚ್ 31ರವರೆಗೆ ಬರೆದು ನೋಡೋಣ. ಅಂಕಿಗಳನ್ನು ಲೆಕ್ಕ ತಿಳಿಯಾಗಲೆಂದು ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೇನೆ.

ರ‍್ಯಾಕ್ ಓವನ್ ಬೆಲೆ ತೆರಿಗೆ ಸೇರಿ 6,25,000 ರೂಪಾಯಿ. ಅದರಲ್ಲಿ ಬ್ಯಾಂಕಿನ ಸಾಲ 5,00,000, ಮಾರ್ಜಿನ್ ಹಣವೆಂದು ಮಾಲೀಕರು ಹಾಕಿದ್ದು 1,25,000. ಬಡ್ಡಿ ವರ್ಷಕ್ಕೆ ಶೇ 12, ದರ ಬದಲಾಗುವುದಿಲ್ಲ. 36 ಕಂತು, ತಿಂಗಳಿಗೆ 16,607 ರೂಪಾಯಿ. ಸಾಲ ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್ 5ಕ್ಕೆ, ಮೊದಲ ಕಂತು ಅಕ್ಟೋಬರ್ 5ಕ್ಕೆ.

ಮೊದಲು ಕಾಗದ ಸೇರಿಸಿಕೊಳ್ಳಿ

ಬೇಕಾದದ್ದು ಮೂರು. ಒಂದು, ಮಂಜೂರಾತಿ ಪತ್ರ. ಬಡ್ಡಿ ದರ, ಅದು ಸ್ಥಿರವೋ ಬದಲಾಗುವುದೋ, ಪ್ರೊಸೆಸಿಂಗ್ ಶುಲ್ಕವೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಎರಡು, ಕಂತಿನ ಪಟ್ಟಿ. ಮೂರು, ಸಾಲದ ಖಾತೆಯ ಸ್ಟೇಟ್‌ಮೆಂಟ್.

ಮೂರನೆಯದನ್ನು ಕೇಳಿದಾಗ ಹತ್ತರಲ್ಲಿ ಎಂಟು ಜನ ಚಾಲ್ತಿ ಖಾತೆಯ ಸ್ಟೇಟ್‌ಮೆಂಟ್ ತಂದುಕೊಡುತ್ತಾರೆ. ಅದರಲ್ಲಿ ಕಂತು ಹೋದದ್ದು ಕಾಣುತ್ತದೆ, ಹೋದ ಮೇಲೆ ಏನಾಯಿತು ಎಂಬುದು ಕಾಣುವುದಿಲ್ಲ. ಸಾಲಕ್ಕೆ ಬೇರೆಯದೇ ಖಾತೆ ಸಂಖ್ಯೆ ಇರುತ್ತದೆ, ಅದರದ್ದೇ ಸ್ಟೇಟ್‌ಮೆಂಟ್ ಬೇಕು. ನೆಟ್ ಬ್ಯಾಂಕಿಂಗ್‌ನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಶಾಖೆಯಲ್ಲಿ ಕೇಳಿದರೆ ಕೊಡುತ್ತಾರೆ.

ಸಾಲ ಬಂದ ದಿನದ ಎಂಟ್ರಿ

ಬೇಕರಿಯವರ ಲೆಕ್ಕ ದಾರಿ ತಪ್ಪಿದ್ದು ಈ ಮೊದಲ ದಿನವೇ. ಯಂತ್ರದ ಸಾಲವನ್ನು ಬ್ಯಾಂಕು ಸಾಮಾನ್ಯವಾಗಿ ಗಿರಾಕಿಯ ಕೈಗೆ ಕೊಡುವುದಿಲ್ಲ. ನೇರ ಯಂತ್ರ ಮಾರಿದವರ ಖಾತೆಗೇ ಕಳಿಸುತ್ತದೆ. ಇವರ ಚಾಲ್ತಿ ಖಾತೆಯಲ್ಲಿ ಐದು ಲಕ್ಷ ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ಲೆಕ್ಕ ಬರೆಯುವ ಹುಡುಗ ಪಾಸ್‌ಬುಕ್ ನೋಡಿ ಬರೆಯುವವನು. ಅದರಲ್ಲಿ ಕಂಡ 1,25,000 ಮಾತ್ರ ಓವನ್ ಎಂದು ಬರೆದ. ಆರೂಕಾಲು ಲಕ್ಷದ ಓವನ್ ಪುಸ್ತಕದಲ್ಲಿ ಒಂದೂಕಾಲು ಲಕ್ಷದ್ದಾಯಿತು, ಸಾಲ ಹುಟ್ಟಲೇ ಇಲ್ಲ. ಸಾಲದ ಖಾತೆಯೇ ಇಲ್ಲದ ಮೇಲೆ ಕಂತನ್ನು ಎಲ್ಲಿಗೆ ಹಾಕುವುದು? "ಲೋನ್ ಇಎಂಐ" ಎಂದು ಖರ್ಚಿನಡಿ ಒಂದು ಲೆಡ್ಜರ್ ತೆರೆದು ಅದಕ್ಕೆ ತುಂಬುತ್ತಾ ಹೋದ.

ಬರೆಯಬೇಕಾಗಿದ್ದುದು ಹೀಗೆ. ಟ್ಯಾಲಿಯಲ್ಲಾದರೆ ಸಾಲದ ಲೆಡ್ಜರನ್ನು `Secured Loans` ಗುಂಪಿನಡಿ ತೆರೆಯಿರಿ, ಸಾಲದ ಬಡ್ಡಿ ಎಂಬ ಇನ್ನೊಂದನ್ನು `Indirect Expenses` ಅಡಿ ತೆರೆಯಿರಿ. ಸಾಲದ ಲೆಡ್ಜರಿನ ಹೆಸರಿಗೆ ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಸೇರಿಸಿ. ಅದೇ ಬ್ಯಾಂಕಿನಲ್ಲಿ ನಾಳೆ ಇನ್ನೊಂದು ಸಾಲ ತೆಗೆದರೆ ಎರಡೂ ಕಲಸುಮೇಲೋಗರ ಆಗುವುದಿಲ್ಲ. ಆಮೇಲೆ F7 ಒತ್ತಿ ಜರ್ನಲ್:

| ಖಾತೆ | ಡೆಬಿಟ್ | ಕ್ರೆಡಿಟ್ |
|---|---|---|
| ಓವನ್ | 6,25,000 | |
| ಬ್ಯಾಂಕ್ ಸಾಲ | | 5,00,000 |
| ಯಂತ್ರ ಮಾರಿದವರು | | 1,25,000 |

ಮಾರ್ಜಿನ್ ಹಣ ಕೊಟ್ಟದ್ದನ್ನು F5 ಪೇಮೆಂಟ್ ವೋಚರಿನಲ್ಲಿ ಮಾರಿದವರ ಹೆಸರಿಗೆ ಬರೆದರೆ ಅವರ ಖಾತೆ ಸೊನ್ನೆಗೆ ಬರುತ್ತದೆ. ಈ ಬೇಕರಿ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿದೆ, ಕಟ್ಟಿದ ತೆರಿಗೆ ಹಿಂದೆ ಸಿಗುವುದಿಲ್ಲ, ಹಾಗಾಗಿ ಪೂರ್ತಿ 6,25,000 ಓವನ್ನಿನ ಬೆಲೆಯೇ. ಮಾಮೂಲು ಜಿಎಸ್‌ಟಿಯಲ್ಲಿರುವವರು ತೆರಿಗೆಯ ಭಾಗವನ್ನು ಇನ್‌ಪುಟ್ ಎಂದು ಬೇರೆ ತೋರಿಸಬೇಕು.

ಪ್ರೊಸೆಸಿಂಗ್ ಶುಲ್ಕ 5,000, ಅದರ ಮೇಲೆ ಶೇ 18 ಜಿಎಸ್‌ಟಿ 900, ಒಟ್ಟು 5,900 ರೂಪಾಯಿ ಚಾಲ್ತಿ ಖಾತೆಯಿಂದ ಹೋಗಿತ್ತು. ಇಷ್ಟು ಸಣ್ಣ ಮೊತ್ತವನ್ನು ನಾನು ಆ ವರ್ಷದ ಖರ್ಚಿಗೇ ಹಾಕುತ್ತೇನೆ. ಕೆಲವು ಬ್ಯಾಂಕಿನವರು ಇದನ್ನು ಸಾಲದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಆಗ ಕೈಗೆ 4,94,100 ಬಂದರೂ ಸಾಲವನ್ನು 5,00,000 ಎಂದೇ ಬರೆಯಬೇಕು. ಬಡ್ಡಿ ಲೆಕ್ಕವಾಗುವುದು ಐದು ಲಕ್ಷದ ಮೇಲೆ.

ಪಟ್ಟಿಯ ಪ್ರಕಾರ ಕಂತು ಬಿಡಿಸುವುದು

ಕಂತು ಪ್ರತಿ ತಿಂಗಳೂ 16,607 ಇದ್ದರೂ ಅದರೊಳಗಿನ ಪಾಲು ತಿಂಗಳು ತಿಂಗಳೂ ಬದಲಾಗುತ್ತದೆ. ಮೊದಲ ತಿಂಗಳು ಬಾಕಿ ಐದು ಲಕ್ಷ. ವರ್ಷಕ್ಕೆ ಶೇ 12 ಎಂದರೆ ತಿಂಗಳಿಗೆ ಶೇ 1, ಬಡ್ಡಿ 5,000. ಕಂತಿನಲ್ಲಿ ಅಷ್ಟು ಕಳೆದು ಉಳಿದ 11,607 ಅಸಲಿಗೆ ಜಮಾ. ಮುಂದಿನ ತಿಂಗಳು ಬಾಕಿ 4,88,393, ಅದರ ಶೇ 1 ಎಂದರೆ 4,884. ಬಡ್ಡಿ ಇಳಿದಷ್ಟು ಅಸಲು ಏರುತ್ತದೆ. ಯಾವ ತಿಂಗಳಲ್ಲೇ ಆಗಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಂತಿಗೆ ಮುಂಚೆ ಬಾಕಿ ಎಷ್ಟಿತ್ತು?

ಬ್ಯಾಂಕಿನ ಪಟ್ಟಿ ಕೈಗೆ ಸಿಗದಿದ್ದರೆ ಎಕ್ಸೆಲ್‌ನಲ್ಲಿ ಎರಡು ನಿಮಿಷದ ಕೆಲಸ. ಮೊದಲನೆಯ ಸೂತ್ರ ಕಂತಿನ ಮೊತ್ತ ಕೊಡುತ್ತದೆ, ಎರಡನೆಯದು ಮೊದಲ ಕಂತಿನ ಬಡ್ಡಿ, ಮೂರನೆಯದು ಅದೇ ಕಂತಿನ ಅಸಲು. ಎರಡನೇ ಕಂತಿಗೆ ನಡುವಿನ 1ನ್ನು 2 ಮಾಡಿದರಾಯಿತು.

```
=PMT(12%/12,36,-500000)
=IPMT(12%/12,1,36,-500000)
=PPMT(12%/12,1,36,-500000)
```

ಮಾರ್ಚ್ ತನಕದ ಆರು ಕಂತು ರೂಪಾಯಿಗೆ ದುಂಡಾಗಿಸಿದರೆ ಹೀಗಾಗುತ್ತವೆ:

| ಕಂತಿನ ದಿನ | ಬಡ್ಡಿ | ಅಸಲು | ಉಳಿದ ಬಾಕಿ |
|---|---|---|---|
| 5 ಅಕ್ಟೋಬರ್ 2024 | 5,000 | 11,607 | 4,88,393 |
| 5 ನವೆಂಬರ್ | 4,884 | 11,723 | 4,76,670 |
| 5 ಡಿಸೆಂಬರ್ | 4,767 | 11,840 | 4,64,830 |
| 5 ಜನವರಿ 2025 | 4,648 | 11,959 | 4,52,871 |
| 5 ಫೆಬ್ರವರಿ | 4,529 | 12,078 | 4,40,793 |
| 5 ಮಾರ್ಚ್ | 4,408 | 12,199 | 4,28,594 |
| ಒಟ್ಟು | 28,236 | 71,406 | |

ಈ ಪಟ್ಟಿ ಹಿಡಿದು ಬರೆಯುವುದಾದರೆ ಅಕ್ಟೋಬರ್ 5ರ ಪೇಮೆಂಟ್ ವೋಚರಿನಲ್ಲಿ ಎರಡು ಡೆಬಿಟ್ ಬರುತ್ತವೆ. ಬ್ಯಾಂಕ್ ಸಾಲ 11,607, ಸಾಲದ ಬಡ್ಡಿ 5,000. ಚಾಲ್ತಿ ಖಾತೆಗೆ ಕ್ರೆಡಿಟ್ 16,607. ನವೆಂಬರಿನಲ್ಲಿ ಹಿಂದಿನ ವೋಚರನ್ನೇ ನಕಲು ಮಾಡಿ ತಾರೀಕು ಬದಲಿಸಿದರೆ ಬಡ್ಡಿ ಮತ್ತೆ 5,000 ಎಂದೇ ಕೂರುತ್ತದೆ. ಈ ತಪ್ಪನ್ನು ನಾನು ಎಷ್ಟು ಪುಸ್ತಕದಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಹನ್ನೆರಡು ತಿಂಗಳೂ ಒಂದೇ ಬಡ್ಡಿ ಕಂಡರೆ ಅದು ನಕಲು ವೋಚರು ಅಂತಲೇ ತಿಳಿಯಿರಿ.

ಒಂದೇ ಬಡ್ಡಿ ಬರಲು ಇನ್ನೊಂದು ಕಾರಣವೂ ಇದೆ, ಫ್ಲಾಟ್ ದರ. ಗಾಡಿ ಸಾಲ ಕೊಡುವ ಕೆಲವರು "ಶೇ 6.5 ಅಷ್ಟೇ ಸಾರ್" ಎನ್ನುತ್ತಾರೆ. ಐದು ಲಕ್ಷಕ್ಕೆ ಮೂರು ವರ್ಷ ಅದೇ ದರದಲ್ಲಿ ಗುಣಿಸಿದರೆ ಬಡ್ಡಿ 97,500, ಅಸಲಿಗೆ ಕೂಡಿಸಿ 36ರಿಂದ ಭಾಗಿಸಿದರೆ ಕಂತು 16,597. ನಮ್ಮ ಶೇ 12ರ ಕಂತು 16,607! ಎರಡೂ ಹೆಚ್ಚು ಕಡಿಮೆ ಒಂದೇ ಸಾಲ, ಹೇಳುವ ರೀತಿ ಬೇರೆ. ಅಸಲು ತೀರುತ್ತಾ ಬಂದರೂ ಪೂರ್ತಿ ಐದು ಲಕ್ಷದ ಮೇಲೆಯೇ ಬಡ್ಡಿ ಎಣಿಸಿದಾಗ ದರ ಸಣ್ಣದಾಗಿ ಕಾಣುತ್ತದೆ ಅಷ್ಟೇ. ಇಂಥ ಸಾಲದಲ್ಲೂ ಬಡ್ಡಿಯನ್ನು 36 ಸಮಪಾಲು ಮಾಡಬೇಡಿ. ಅವರು ಕೊಡುವ ಕಂತಿನ ಪಟ್ಟಿಯಲ್ಲಿ ಬಡ್ಡಿ, ಅಸಲು ಇಳಿಕೆಯ ಲೆಕ್ಕದಲ್ಲೇ ಬಿಡಿಸಿರುತ್ತದೆ, ಅದನ್ನೇ ಹಿಡಿಯಿರಿ.

ಬ್ಯಾಂಕಿನ ಖಾತೆಯಲ್ಲಿ ನಡೆಯುವುದೇ ಬೇರೆ

ಶುರುವಿನ ವರ್ಷಗಳಲ್ಲಿ ನಾನೂ ಎಲ್ಲ ಗಿರಾಕಿಗಳಿಗೂ ಈ ಪಟ್ಟಿಯನ್ನೇ ಹಾಕಿ, ಮಾರ್ಚ್ 31ಕ್ಕೆ ಬ್ಯಾಂಕಿನ ಬಾಕಿಗೂ ನನ್ನ ಬಾಕಿಗೂ ತಾಳೆ ಬರದೆ ರಾತ್ರಿ ಕೂತದ್ದಿದೆ. ತಪ್ಪು ಪಟ್ಟಿಯದ್ದಲ್ಲ. ಪಟ್ಟಿ ಒಂದು ಅಂದಾಜು, ಬ್ಯಾಂಕು ಬಡ್ಡಿ ಹಾಕುವುದು ದಿನದ ಲೆಕ್ಕದಲ್ಲಿ. ಹಲವು ಬ್ಯಾಂಕುಗಳಲ್ಲಿ, ಸರ್ಕಾರಿ ಬ್ಯಾಂಕುಗಳಲ್ಲಂತೂ ಬಹುಪಾಲು, ತಿಂಗಳ ಕೊನೆಯ ದಿನ ಬಡ್ಡಿಯನ್ನು ಸಾಲದ ಖಾತೆಗೆ ಏರಿಸುತ್ತಾರೆ. ಕಂತು ಬಂದ ದಿನ ಪೂರ್ತಿ ಕಂತನ್ನೂ ಇಳಿಸುತ್ತಾರೆ. ಬೇಕರಿಯವರ ಸಾಲದ ಸ್ಟೇಟ್‌ಮೆಂಟಿನ ಮೊದಲ ಪುಟ ಹೀಗಿರುತ್ತದೆ:

| ತಾರೀಕು | ವಿವರ | ಏರಿದ್ದು | ಇಳಿದದ್ದು | ಬಾಕಿ |
|---|---|---|---|---|
| 05-09-2024 | ಸಾಲ ಬಿಡುಗಡೆ | 5,00,000 | | 5,00,000 |
| 30-09-2024 | ಬಡ್ಡಿ | 4,274 | | 5,04,274 |
| 05-10-2024 | ಕಂತು | | 16,607 | 4,87,667 |
| 31-10-2024 | ಬಡ್ಡಿ | 4,992 | | 4,92,659 |
| 05-11-2024 | ಕಂತು | | 16,607 | 4,76,052 |
| 30-11-2024 | ಬಡ್ಡಿ | 4,717 | | 4,80,769 |

ಸೆಪ್ಟೆಂಬರ್ 5ರಿಂದ 30ರವರೆಗೆ 26 ದಿನ, ಐದು ಲಕ್ಷಕ್ಕೆ ಶೇ 12ರಂತೆ 4,274. ಅಕ್ಟೋಬರ್ ತಿಂಗಳಲ್ಲಿ ಮೊದಲ ನಾಲ್ಕು ದಿನ ಬಾಕಿ 5,04,274 ಇತ್ತು, ಕಂತು ಕಟ್ಟಿದ ಐದನೇ ತಾರೀಕಿನಿಂದ 27 ದಿನ 4,87,667 ಇತ್ತು. ನೀವೇ ತಾಳೆ ನೋಡಬೇಕೆಂದರೆ:

```
=ROUND((504274*4+487667*27)*12%/365,0)
```

4992 ಎಂದು ಬರುತ್ತದೆ. ಬ್ಯಾಂಕಿನ ಬಡ್ಡಿಯ ಮೇಲೆ ಅನುಮಾನ ಬಂದಾಗ ಯಾವುದಾದರೂ ಒಂದು ತಿಂಗಳನ್ನು ಹೀಗೆ ಪರೀಕ್ಷಿಸಿದರೆ ಸಾಕು. ಹತ್ತಿಪ್ಪತ್ತು ರೂಪಾಯಿ ಆಚೀಚೆಯಾದರೆ ಬಿಟ್ಟುಬಿಡಿ, ನೂರಾರು ರೂಪಾಯಿ ಬಂದರೆ ದರವೇ ಬದಲಾಗಿರಬೇಕು.

ಸ್ಟೇಟ್‌ಮೆಂಟ್ ಹೀಗಿದ್ದಾಗ ಕಂತನ್ನು ಬಿಡಿಸುವ ಗೋಜಿಗೇ ಹೋಗಬೇಡಿ ಎಂಬುದು ನನ್ನ ಸಲಹೆ. ಬ್ಯಾಂಕು ಬರೆದ ಹಾಗೆಯೇ ನೀವೂ ಎರಡು ಎಂಟ್ರಿ ಬರೆಯಿರಿ. ತಿಂಗಳ ಕೊನೆಗೆ F7 ಜರ್ನಲ್: ಸಾಲದ ಬಡ್ಡಿಗೆ ಡೆಬಿಟ್ 4,274, ಬ್ಯಾಂಕ್ ಸಾಲಕ್ಕೆ ಕ್ರೆಡಿಟ್ 4,274. ಐದನೇ ತಾರೀಕು F5 ಪೇಮೆಂಟ್: ಬ್ಯಾಂಕ್ ಸಾಲಕ್ಕೆ ಡೆಬಿಟ್ 16,607, ಚಾಲ್ತಿ ಖಾತೆಗೆ ಕ್ರೆಡಿಟ್ 16,607. ಇಲ್ಲಿ ಪೂರ್ತಿ ಕಂತು ಸಾಲಕ್ಕೆ ಹೋಯಿತಲ್ಲ, ತಪ್ಪಲ್ಲವೇ ಎಂದು ಕೆಲವರು ಗಾಬರಿಯಾಗುತ್ತಾರೆ. ತಪ್ಪಲ್ಲ. ಬಡ್ಡಿಯನ್ನು ಆಗಲೇ ಸಾಲಕ್ಕೆ ಏರಿಸಿ ಆಗಿದೆ, ಕಂತು ಆ ಬಡ್ಡಿಯನ್ನೂ ಒಂದಿಷ್ಟು ಅಸಲನ್ನೂ ಕೂಡಿಯೇ ಇಳಿಸುತ್ತದೆ. ತಪ್ಪಾಗುವುದು ಜರ್ನಲ್ ಮರೆತು ಪೇಮೆಂಟ್ ಮಾತ್ರ ಬರೆದಾಗ. ಆಗ ಬಡ್ಡಿಯೇ ಇಲ್ಲದ ಸಾಲವಾಗಿ, ಐದು ಲಕ್ಷವೂ 31ನೇ ಕಂತಿಗೇ ತೀರಿ, ಆಮೇಲಿನ ಐದು ಕಂತಿಗೆ ಬ್ಯಾಂಕೇ ನಮಗೆ ಬಾಕಿಯಿರುವ ಹಾಗೆ ಲೆಡ್ಜರು ತಿರುಗಿ ನಿಲ್ಲುತ್ತದೆ.

ಓದುವಾಗ ಒಂದು ಎಚ್ಚರ ಬೇಕು. ಬ್ಯಾಂಕಿನವರ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ಡೆಬಿಟ್ ಕಾಲಮ್ಮಿನಲ್ಲಿರುತ್ತದೆ, ನಮ್ಮ ಸಾಲದ ಲೆಡ್ಜರಿನಲ್ಲಿ ಅದು ಕ್ರೆಡಿಟ್. ಅದು ಅವರ ಪುಸ್ತಕ, ನಾವು ಅವರಿಗೆ ಬಾಕಿದಾರರು. ಕನ್ನಡಿಯ ಹಾಗೆ ಎಡಬಲ ಅದಲು ಬದಲು.

ಈ ಎರಡನೇ ದಾರಿಯ ಲಾಭ ಗೊತ್ತಾಗುವುದು ಏನಾದರೂ ಏರುಪೇರಾದಾಗ. ನಡುವೆ ಯಾವಾಗಲಾದರೂ ಲಕ್ಷ ರೂಪಾಯಿ ಹೆಚ್ಚುವರಿ ಕಟ್ಟಿದರೆ ಪಟ್ಟಿಯನ್ನು ಮೊದಲಿನಿಂದ ಮಾಡಬೇಕು. ಸ್ಟೇಟ್‌ಮೆಂಟ್ ದಾರಿಯಲ್ಲಿ ಸಾಲಕ್ಕೆ ಡೆಬಿಟ್ ಬರೆದರೆ ಮುಗಿಯಿತು, ತಿಂಗಳ ಕೊನೆಯ ಬಡ್ಡಿ ತಾನಾಗಿ ಇಳಿದು ಬರುತ್ತದೆ. ದರ ಬದಲಾದಾಗಲೂ ಅಷ್ಟೇ. ರೆಪೊ ದರಕ್ಕೆ ಕಟ್ಟಿದ ಸಾಲವಾಗಿದ್ದರೆ, 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊವನ್ನು ಶೇ 6.50ರಿಂದ 6.25ಕ್ಕೆ ಇಳಿಸಿದ ಮೇಲೆ ಹಳೆಯ ಪಟ್ಟಿ ಗೋಡೆಗೆ ಅಂಟಿಸಲಿಕ್ಕೆ ಮಾತ್ರ ಸರಿ. ಇಂಥ ಸಮಯದಲ್ಲಿ ಬ್ಯಾಂಕುಗಳು ಹೆಚ್ಚಾಗಿ ಕಂತನ್ನು ಹಾಗೇ ಇಟ್ಟು ಅವಧಿಯನ್ನು ಹಿಗ್ಗಿಸುತ್ತವೆ ಇಲ್ಲವೇ ಕುಗ್ಗಿಸುತ್ತವೆ. ಕಂತು ಬದಲಾಗಿಲ್ಲ, ಆದ್ದರಿಂದ ಏನೂ ಬದಲಾಗಿಲ್ಲ ಎಂದು ನಂಬಬೇಡಿ.

ಕಂತು ಬೌನ್ಸ್ ಆದ ತಿಂಗಳು ಎರಡು ಕಡೆ ನೋಡಬೇಕು. ಚಾಲ್ತಿ ಖಾತೆಯಲ್ಲಿ ಬೌನ್ಸ್ ಶುಲ್ಕ ಹೋಗಿರುತ್ತದೆ, ಸಾಲದ ಖಾತೆಯಲ್ಲಿ ದಂಡ ಬಿದ್ದಿರುತ್ತದೆ. ಈ ದಂಡವನ್ನು ಬಡ್ಡಿಯ ಜೊತೆ ಕಲಸದೆ ಬೇರೆ ಲೆಡ್ಜರಿಗೆ ಹಾಕಿ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆಯ ನಂತರ ಬ್ಯಾಂಕುಗಳೂ ಅದನ್ನು ದಂಡಬಡ್ಡಿ ಎನ್ನದೆ ದಂಡ ಶುಲ್ಕ ಎಂದೇ ಬೇರೆ ತೋರಿಸಬೇಕು, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ.

ಹಾಗಾದರೆ ಪಟ್ಟಿಯ ದಾರಿ ಯಾರಿಗೆ? ಎನ್‌ಬಿಎಫ್‌ಸಿಗಳು, ಅಂದರೆ ಬ್ಯಾಂಕಲ್ಲದ ಹಣಕಾಸು ಕಂಪನಿಗಳು, ಮತ್ತು ಕೆಲವು ಖಾಸಗಿ ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ತಿಂಗಳ ಕೊನೆಯ ಬಡ್ಡಿ ಎಂಬುದೇ ಇರುವುದಿಲ್ಲ. ಪ್ರತಿ ಕಂತಿನ ಎದುರು ಇಷ್ಟು ಬಡ್ಡಿ, ಇಷ್ಟು ಅಸಲು ಎಂದು ಬಿಡಿಸಿಯೇ ಕೊಟ್ಟಿರುತ್ತಾರೆ. ಅಲ್ಲಿ ಎರಡು ಡೆಬಿಟ್ಟಿನ ವೋಚರೇ ಸರಿ. ಒಂದು ಸಾಲಕ್ಕೆ ಒಂದೇ ದಾರಿ ಹಿಡಿಯಿರಿ. ಕಂತಿನಲ್ಲೂ ಬಡ್ಡಿ ಬಿಡಿಸಿ, ತಿಂಗಳ ಕೊನೆಗೂ ಜರ್ನಲ್ ಹಾಕಿದರೆ ಬಡ್ಡಿ ಎರಡು ಸಲ ಖರ್ಚಾಗುತ್ತದೆ. ಎನ್‌ಬಿಎಫ್‌ಸಿ ವಿಷಯದಲ್ಲಿ ಇನ್ನೊಂದು: ಬ್ಯಾಂಕಿಗೆ ಕಟ್ಟುವ ಬಡ್ಡಿಗೆ ಟಿಡಿಎಸ್ ಹಿಡಿಯಬೇಕಾಗಿಲ್ಲ, ಎನ್‌ಬಿಎಫ್‌ಸಿಗೆ ಕಟ್ಟುವುದಕ್ಕೆ ಆ ವಿನಾಯಿತಿ ಇಲ್ಲ. ನೀವು ಟಿಡಿಎಸ್ ಹಿಡಿಯಬೇಕಾದವರ ಸಾಲಿನಲ್ಲಿದ್ದೀರಾ ಎಂದು ಆಡಿಟರನ್ನು ಮೊದಲೇ ಕೇಳಿಕೊಳ್ಳಿ.

ಮಾರ್ಚ್ 31

ಸ್ಟೇಟ್‌ಮೆಂಟ್ ದಾರಿಯಲ್ಲಿ ಬಂದವರಿಗೆ ವರ್ಷದ ಕೊನೆಗೆ ಹೆಚ್ಚು ಕೆಲಸವಿಲ್ಲ. ಬೇಕರಿಯ ಸಾಲಕ್ಕೆ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಏಳು ಸಲ ಬಡ್ಡಿ ಬಿದ್ದು ಒಟ್ಟು 31,824 ಆಗುತ್ತದೆ. ಐದು ಲಕ್ಷಕ್ಕೆ ಇದನ್ನು ಕೂಡಿ, ಕಟ್ಟಿದ ಆರು ಕಂತಿನ 99,642 ಕಳೆದರೆ ಬಾಕಿ 4,32,182. ಸಾಲದ ಲೆಡ್ಜರಿನಲ್ಲೂ ಸ್ಟೇಟ್‌ಮೆಂಟಿನಲ್ಲೂ ಇದೇ ಅಂಕಿ ಇರಬೇಕು, ಪೈಸೆ ಬಿಟ್ಟರೆ ಒಂದು ರೂಪಾಯಿಯೂ ಆಚೀಚೆ ಆಗಬಾರದು.

ಪಟ್ಟಿಯ ದಾರಿಯವರಿಗೆ ಬಡ್ಡಿ 28,236 ಮಾತ್ರ ಬಂದಿದೆ, 3,588 ಕಡಿಮೆ. ಎಲ್ಲಿ ಹೋಯಿತು? ಅವರು ಮಾರ್ಚ್ 5ಕ್ಕೆ ನಿಲ್ಲಿಸಿದ್ದಾರೆ. ಐದರಿಂದ 31ರವರೆಗೆ 27 ದಿನದ ಬಡ್ಡಿ ಓಡಿದೆ, ಅದನ್ನು ಕಟ್ಟುವುದು ಏಪ್ರಿಲ್ 5ರ ಕಂತಿನಲ್ಲಿ, ಆದರೆ ಖರ್ಚು ಈ ವರ್ಷದ್ದು. 4,28,594ಕ್ಕೆ 27 ದಿನಕ್ಕೆ ಶೇ 12ರಂತೆ 3,805. ಮಾರ್ಚ್ 31ಕ್ಕೆ ಸಾಲದ ಬಡ್ಡಿಗೆ ಡೆಬಿಟ್, "ಕೊಡಬೇಕಾದ ಬಡ್ಡಿ" ಎಂಬ ಹೊಣೆಯ ಖಾತೆಗೆ ಕ್ರೆಡಿಟ್. ಏಪ್ರಿಲ್ 5ರ ಕಂತಿನ ಬಡ್ಡಿ ಪಟ್ಟಿಯಲ್ಲಿ 4,286 ಇದೆ. ಅದರಲ್ಲಿ 3,805ನ್ನು ಈ ಹೊಣೆಯ ಖಾತೆಗೆ ಡೆಬಿಟ್ ಮಾಡಿ, ಉಳಿದ 481 ಮಾತ್ರ ಹೊಸ ವರ್ಷದ ಬಡ್ಡಿ. ಈ ಎರಡನೇ ಹೆಜ್ಜೆ ಮರೆತರೆ ಹೊಣೆಯ ಖಾತೆಯಲ್ಲಿ 3,805 ವರ್ಷಗಟ್ಟಲೆ ಕೂತಿರುತ್ತದೆ.

ಹೀಗೆ ಸರಿಮಾಡಿದ ಮೇಲೆ ಪಟ್ಟಿಯವರ ಬಡ್ಡಿ 32,041. ಬ್ಯಾಂಕಿನದ್ದಕ್ಕಿಂತ 217 ಹೆಚ್ಚು. ಇದಕ್ಕೆ ಮುಖ್ಯ ಕಾರಣ, ಪಟ್ಟಿಗೆ ಆರು ತಿಂಗಳೆಂದರೆ ಅರ್ಧ ವರ್ಷ. ಬ್ಯಾಂಕಿಗೆ ಸೆಪ್ಟೆಂಬರ್ 5ರಿಂದ ಮಾರ್ಚ್ 5 ಎಂದರೆ 181 ದಿನ, ಫೆಬ್ರವರಿ ಚಿಕ್ಕದು. ಇಂಥ ವ್ಯತ್ಯಾಸ ಬಂದಾಗ ಬ್ಯಾಂಕಿನ ಅಂಕಿಯನ್ನೇ ಒಪ್ಪಿ, ಬಡ್ಡಿಯನ್ನು 217 ಇಳಿಸಿ ಮುಚ್ಚಿ.

ಬ್ಯಾಂಕಿನವರು ಕೊಡುವ ಬಡ್ಡಿ ಪ್ರಮಾಣಪತ್ರದ ಅಂಕಿಯನ್ನು ನೇರ ಪುಸ್ತಕಕ್ಕೆ ಇಳಿಸುವ ಮುಂಚೆ ಅದು ಕಟ್ಟಿದ ಬಡ್ಡಿಯೋ, ಖಾತೆಗೆ ಏರಿಸಿದ ಬಡ್ಡಿಯೋ ಎಂದು ನೋಡಿ. ಬ್ಯಾಂಕ್ ಸಾಲದ ಬಡ್ಡಿ ಆದಾಯ ತೆರಿಗೆಯಲ್ಲಿ ಖರ್ಚೆಂದು ಒಪ್ಪಿಗೆಯಾಗುವುದು ನಿಜವಾಗಿ ಕಟ್ಟಿದ ಮೇಲೆ. 2024-25ರ ಲೆಕ್ಕಕ್ಕೆ ಇದು 43ಬಿ ಸೆಕ್ಷನ್. ಮಾರ್ಚ್ ಕೊನೆಗೆ ಬಾಕಿಯಿದ್ದ ಬಡ್ಡಿಯನ್ನು ರಿಟರ್ನ್ ಹಾಕುವ ಕೊನೆಯ ದಿನದೊಳಗೆ ಕಟ್ಟಿದ್ದರೆ ಅದೇ ವರ್ಷಕ್ಕೆ ಸಿಗುತ್ತದೆ. ಬೇಕರಿಯವರು ಏಪ್ರಿಲ್ 5ಕ್ಕೇ ಕಂತು ಕಟ್ಟಿದ್ದರಿಂದ ತೊಂದರೆಯಿಲ್ಲ. ಕಂತು ತಪ್ಪಿಸಿ, ಬಾಕಿ ಬಡ್ಡಿಯನ್ನೇ ಹೊಸ ಸಾಲವಾಗಿ ಪರಿವರ್ತಿಸಿಕೊಂಡರೆ ಅದು ಕಟ್ಟಿದ ಹಾಗಲ್ಲ. ಯಂತ್ರ ಬಳಕೆಗೆ ಬರುವ ಮುಂಚಿನ ದಿನಗಳ ಬಡ್ಡಿಯೂ ತೆರಿಗೆಯಲ್ಲಿ ಖರ್ಚಲ್ಲ, ಯಂತ್ರದ ಬೆಲೆಗೆ ಸೇರುತ್ತದೆ. ಇವರ ಓವನ್ ಬಂದ ಮಾರನೇ ದಿನವೇ ಬ್ರೆಡ್ ಬೇಯಿಸಿತು, ಹಾಗಾಗಿ ನಾನು ಆ ಒಂದು ದಿನದ ಲೆಕ್ಕಕ್ಕೆ ಹೋಗಲಿಲ್ಲ. ಕಟ್ಟಡ ಎದ್ದು ಆರು ತಿಂಗಳಾದ ಮೇಲೆ ಯಂತ್ರ ತಿರುಗುವ ಕಡೆ ಇದು ದೊಡ್ಡ ಮೊತ್ತ.

ಬ್ಯಾಲೆನ್ಸ್ ಶೀಟಿನಲ್ಲಿ ಸಾಲವನ್ನು ಎರಡು ಭಾಗ ಮಾಡಿ ತೋರಿಸಿದರೆ ಬ್ಯಾಂಕಿನವರಿಗೆ ಓದಲು ಸುಲಭ. ಮುಂದಿನ ಹನ್ನೆರಡು ತಿಂಗಳಲ್ಲಿ ತೀರಬೇಕಾದ ಅಸಲು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಪಟ್ಟಿ ಕೆಲಸಕ್ಕೆ ಬರುವುದು ಇಲ್ಲಿ. 7ರಿಂದ 18ನೇ ಕಂತಿನವರೆಗಿನ ಅಸಲು ಕೂಡಿದರೆ 1,56,261, ಆಮೇಲೂ ಉಳಿಯುವುದು 2,72,333. ಕಂಪನಿಗಳಿಗೆ ಹೀಗೆ ಬಿಡಿಸುವುದು ಕಡ್ಡಾಯ. ಸ್ವಂತ ವ್ಯಾಪಾರದವರಿಗೆ ಕಡ್ಡಾಯವಲ್ಲದಿದ್ದರೂ ಓಡಿ ಕೇಳಲು ಹೋದಾಗ ಹೇಗೂ ಕೇಳುತ್ತಾರೆ.

ಆಗಲೇ ತಪ್ಪಾಗಿ ಬರೆದಿದ್ದರೆ

ಈಗ ಬೇಕರಿಯವರ ಹಳೇ ಪುಸ್ತಕಕ್ಕೆ ಬರೋಣ. 2024-25ರಲ್ಲಿ ಅವರು ಕಂತಿನ 99,642 ಪೂರ್ತಿ ಖರ್ಚು ಬರೆದಿದ್ದರು. ನಿಜವಾದ ಬಡ್ಡಿ 31,824. ಅಂದರೆ ಖರ್ಚು 67,818 ಹೆಚ್ಚಾಗಿ, ಲಾಭ ಅಷ್ಟು ಕಡಿಮೆ ಕಂಡಿತ್ತು. "ಹಾಗಾದರೆ ತೆರಿಗೆ ಕಡಿಮೆ ಕಟ್ಟಿದ್ದೀನಿ ಅಂತಾಯ್ತು" ಎಂದು ಅವರ ಮುಖ ಸಪ್ಪಗಾಯಿತು. ಸ್ವಲ್ಪ ತಾಳಿ ಎಂದೆ. ಓವನ್ನನ್ನು 1,25,000 ಎಂದು ಬರೆದದ್ದರಿಂದ ಸವಕಳಿಯನ್ನೂ ಅಷ್ಟಕ್ಕೇ ತೆಗೆದಿದ್ದರು. ಬಿಟ್ಟುಹೋದ ಐದು ಲಕ್ಷಕ್ಕೆ ಶೇ 15ರಂತೆ 75,000 ಸವಕಳಿ ಬರೆದೇ ಇಲ್ಲ. ಯಂತ್ರ ಆ ವರ್ಷ 180 ದಿನಕ್ಕಿಂತ ಹೆಚ್ಚು ಬಳಕೆಯಲ್ಲಿದ್ದುದರಿಂದ ಪೂರ್ತಿ ದರವೇ ಸಲ್ಲುತ್ತದೆ. ಒಂದು ತಪ್ಪು ಲಾಭವನ್ನು 67,818 ತಗ್ಗಿಸಿತ್ತು, ಇನ್ನೊಂದು 75,000 ಉಬ್ಬಿಸಿತ್ತು. ಎರಡೂ ಸೇರಿ ಲಾಭ 7,182 ಹೆಚ್ಚೇ ತೋರಿತ್ತು.

ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದ್ದರಿಂದಲೇ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಲಾಭ ನಷ್ಟದ ಪಟ್ಟಿ ನೋಡಿದರೆ ಎಲ್ಲ ಸರಿಯಿದ್ದ ಹಾಗೇ ಇತ್ತು. ಬ್ಯಾಲೆನ್ಸ್ ಶೀಟ್ ಮಾತ್ರ ಎರಡೂ ಕಡೆ ನಾಲ್ಕು ಲಕ್ಷಕ್ಕೂ ಹೆಚ್ಚು ಕುಗ್ಗಿತ್ತು.

ರಿಟರ್ನ್ ಪರಿಷ್ಕರಿಸಲು ಇನ್ನೂ ಗಡುವಿತ್ತು, ಹಾಗಾಗಿ ನಾವು ಆ ವರ್ಷದ ಲೆಕ್ಕವನ್ನೇ ತೆರೆದು ತಿದ್ದಿದೆವು. ಸಾಲವನ್ನು ಬರೆದೆವು, "ಲೋನ್ ಇಎಂಐ" ಲೆಡ್ಜರಿನ ಆರೂ ವೋಚರನ್ನು ಸಾಲಕ್ಕೆ ತಿರುಗಿಸಿದೆವು, ಏಳು ಬಡ್ಡಿ ಜರ್ನಲ್ ಹಾಕಿದೆವು. ವರ್ಷ ಮುಚ್ಚಿಹೋಗಿ ತೆರೆಯಲಾಗದಿದ್ದರೆ ಹೊಸ ವರ್ಷದ ಮೊದಲ ದಿನ, 1-4-2025ಕ್ಕೆ, ಒಂದೇ ಜರ್ನಲ್ ಸಾಕು:

| ಖಾತೆ | ಡೆಬಿಟ್ | ಕ್ರೆಡಿಟ್ |
|---|---|---|
| ಓವನ್ (5,00,000ದಲ್ಲಿ ಸವಕಳಿ 75,000 ಕಳೆದು) | 4,25,000 | |
| ಮಾಲೀಕರ ಬಂಡವಾಳ | 7,182 | |
| ಬ್ಯಾಂಕ್ ಸಾಲ | | 4,32,182 |

ವಿವರಣೆಯಲ್ಲಿ "ಹಿಂದಿನ ವರ್ಷ ಬಿಟ್ಟುಹೋದ ಯಂತ್ರ ಸಾಲ, ಸ್ಟೇಟ್‌ಮೆಂಟ್ ಪ್ರಕಾರ 31-3-2025ರ ಬಾಕಿ" ಎಂದು ಬರೆದು, ಸಾಲದ ಸ್ಟೇಟ್‌ಮೆಂಟಿನ ಆ ಪುಟವನ್ನು ವೋಚರಿಗೆ ಪಿನ್ ಮಾಡಿಡಿ. ಹಿಂದಿನ ವರ್ಷದ ಏರುಪೇರನ್ನು ಈ ವರ್ಷದ ಬಡ್ಡಿಗೋ ಖರ್ಚಿಗೋ ತಳ್ಳಬೇಡಿ, ಬಂಡವಾಳಕ್ಕೇ ಹೋಗಲಿ. ಆಮೇಲೆ "ಲೋನ್ ಇಎಂಐ" ಎಂಬ ಆ ಲೆಡ್ಜರಿನಲ್ಲಿ ವೋಚರು ಉಳಿದಿಲ್ಲದಿದ್ದರೆ ಅದನ್ನು ಅಳಿಸಿಬಿಡಿ, ಉಳಿದಿದ್ದರೆ ಅಳಿಸಲಾಗದು, ಹೆಸರನ್ನಾದರೂ ಬದಲಿಸಿ. ಹಾಗೇ ಇದ್ದರೆ ಮುಂದಿನ ತಿಂಗಳು ಹುಡುಗ ಅಭ್ಯಾಸಬಲದಿಂದ ಮತ್ತೆ ಅದಕ್ಕೇ ಹಾಕುತ್ತಾನೆ.